ಮಾಲಿಬ್ಡಿನಂ ಬ್ಲೂ: ಫಾಸ್ಫೇಟೇ ಇಲ್ಲದ ಬ್ಲ್ಯಾಂಕ್ ಕೂಡ ನೀಲಿ ಆಗ್ತಿದೆ, ಏನು ಮಾಡೋದು?

ಕೆರೆಏರಿ:
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟಿಗೆ ನಮ್ಮೂರ ಕೆರೆ ನೀರಲ್ಲಿ ಫಾಸ್ಫೇಟ್ ಎಷ್ಟಿದೆ ಅಂತ ನೋಡುತ್ತಿದ್ದೇನೆ. ಆಸ್ಕಾರ್ಬಿಕ್ ಆಮ್ಲದ ವಿಧಾನ. 50 ಮಿ.ಲೀ. ನೀರಿಗೆ ಸಲ್ಫ್ಯೂರಿಕ್ ಆಮ್ಲ, ಆಂಟಿಮನಿ ಟಾರ್ಟ್ರೇಟ್, ಮಾಲಿಬ್ಡೇಟ್, ಆಸ್ಕಾರ್ಬಿಕ್ ಆಮ್ಲ ಕಲಸಿದ 8 ಮಿ.ಲೀ. ಮಿಶ್ರ ರಿಯೇಜೆಂಟ್ ಹಾಕಿ, 10 ನಿಮಿಷ ಬಿಟ್ಟು ಓದುತ್ತೇನೆ. 880 ನ್ಯಾನೋಮೀಟರ್ ತನಕ ಹೋಗುವ ಯಂತ್ರ ನಮ್ಮಲ್ಲಿಲ್ಲ. ಫಿಲ್ಟರ್ ಇರುವ ಹಳೇ ಕಲರಿಮೀಟರಿನಲ್ಲಿ 680ಕ್ಕೆ ಇಟ್ಟು ನೋಡಿದ್ದೇನೆ.

ತೊಂದರೆ ಏನಂದ್ರೆ, ಬರೀ ಡಿಸ್ಟಿಲ್ಡ್ ವಾಟರ್ ಹಾಕಿದ ಬ್ಲ್ಯಾಂಕ್ ಕೂಡ ನೀಲಿ ಆಗುತ್ತಿದೆ. ರೀಡಿಂಗ್ 0.14. ಲೀಟರಿಗೆ 0.8 ಮಿ.ಗ್ರಾಂ ರಂಜಕದ ಸ್ಟ್ಯಾಂಡರ್ಡ್ 0.48 ಕೊಡ್ತು. ಗೆರೆ ನೇರವಾಗೇ ಇದೆ, ಆದರೆ ಸೊನ್ನೆಯಿಂದ ಹೊರಡುವುದಿಲ್ಲ. ಬ್ಲ್ಯಾಂಕ್ ಕಳೆದು ಲೆಕ್ಕ ಹಾಕಿದರೆ ಕೆರೆ ನೀರಲ್ಲಿ ಸುಮಾರು 1.0 ಬಂತು. ಅದೇ ನೀರನ್ನು ಐದು ಪಟ್ಟು ತೆಳು ಮಾಡಿ ಮತ್ತೆ ನೋಡಿ, ಐದರಿಂದ ಗುಣಿಸಿದರೆ 1.5! ಯಾವುದು ನಿಜ? ಗೈಡ್ ಕೇಳಿದರೆ "ಬ್ಲ್ಯಾಂಕ್ ಕಳೆದಿದ್ದೀಯಲ್ಲ, ಸಾಕು ಬಿಡು" ಅಂದರು. ನನಗೆ ಸಮಾಧಾನ ಆಗಲಿಲ್ಲ.

ಲ್ಯಾಬ್_ಸುಧಾ:
ಗಾಜಿನ ಸಾಮಾನು ತೊಳೆದಿದ್ದು ಯಾವುದರಲ್ಲಿ? ಸೋಪಿನ ಪುಡಿ ಹಾಕಿ ತೊಳೆದಿದ್ದರೆ ಅಲ್ಲೇ ಕಥೆ ಮುಗೀತು. ಲ್ಯಾಬಿನ ಎಷ್ಟೋ ಡಿಟರ್ಜೆಂಟುಗಳಲ್ಲಿ ಫಾಸ್ಫೇಟ್ ಇರುತ್ತೆ. ಗಾಜಿಗೆ ಅಂಟಿಕೊಂಡಿದ್ದು ಎಷ್ಟು ನೀರು ಹಾಕಿದರೂ ಪೂರ್ತಿ ಹೋಗುವುದಿಲ್ಲ. ಬಿಸಿ ಮಾಡಿದ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಆಮೇಲೆ ಡಿಸ್ಟಿಲ್ಡ್ ವಾಟರಲ್ಲಿ ಮೂರು ನಾಲ್ಕು ಸಲ ಜಾಲಿಸಿ. ನಿಮ್ಮ ಬ್ಲ್ಯಾಂಕ್ ಬಿಳಿ ಆಗದಿದ್ದರೆ ಕೇಳಿ.

ಇನ್ನೊಂದು ಮಾತು. ಆಂಟಿಮನಿ ಟಾರ್ಟ್ರೇಟ್ ಎಲ್ಲ ಯಾಕೆ? ನಾನು ಆಸ್ಪತ್ರೆ ಲ್ಯಾಬಲ್ಲಿ ಕೆಲಸ ಕಲಿತಾಗ ಸೀರಂ ಫಾಸ್ಫರಸ್‌ಗೆ ಫಿಸ್ಕೆ ಮತ್ತು ಸುಬ್ಬರಾವ್ ವಿಧಾನವೇ. 1925ರದ್ದು. ನಮ್ಮ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕಕ್ಕೆ ಹೋಗಿ ಹಾರ್ವರ್ಡಿನಲ್ಲಿ ಮಾಡಿದ ಕೆಲಸ. ಅದನ್ನೇ ಮಾಡಿ, ನೆಮ್ಮದಿ.

ಕೆರೆಏರಿ:
ಅಕ್ಕ, ಸೋಪು ಮುಟ್ಟಿಸಿಲ್ಲ. ಆಮ್ಲದಲ್ಲೇ ತೊಳೆದಿದ್ದು. ಹೊಸ ಬಾಟಲಿ ಡಿಸ್ಟಿಲ್ಡ್ ವಾಟರ್ ತಂದೂ ನೋಡಿದೆ. ಅದೇ 0.14, 0.15.

ಬೀಕರ್_ಭಟ್ರು:
ಸುಧಾ ಅವರು ಹೇಳಿದ ತೊಳೆಯುವ ಮಾತು ನೂರಕ್ಕೆ ತೊಂಬತ್ತು ಸಲ ಸರಿ. ನಾನೂ ಮೊದಲು ಅದನ್ನೇ ಕೇಳುತ್ತಿದ್ದೆ. ಆದರೆ ಇಲ್ಲಿ ಎರಡನೇ ವಿಷಯ ನೋಡಿ. ತೆಳು ಮಾಡಿದಾಗ ಲೆಕ್ಕ ಒಂದೂವರೆ ಪಟ್ಟು ಆಗಿದೆ. ಕೊಳೆ ಅಂಟಿದ ಫ್ಲಾಸ್ಕಾದರೆ ಒಂದೊಂದು ಒಂದೊಂದು ಥರ ಹೆಚ್ಚು ಕಡಿಮೆ ತೋರಿಸುತ್ತಿತ್ತು, ಸ್ಟ್ಯಾಂಡರ್ಡುಗಳು ಇಷ್ಟು ನೇರವಾಗಿ ಬೀಳುತ್ತಿರಲಿಲ್ಲ.

ಒಂದು ಕೆಲಸ ಮಾಡಿ. ಬ್ಲ್ಯಾಂಕ್ ಒಂದನ್ನೇ ತಯಾರಿಸಿ, 10 ನಿಮಿಷಕ್ಕೆ, 30ಕ್ಕೆ, 60ಕ್ಕೆ ಓದಿ. ಬಣ್ಣ 10 ನಿಮಿಷಕ್ಕೆ ನಿಂತರೆ ಅದು ಫಾಸ್ಫೇಟಿನ ನೀಲಿ, ಎಲ್ಲಿಂದಲೋ ಸೇರಿದೆ. ನಿಲ್ಲದೆ ಏರುತ್ತಾ ಹೋದರೆ ಅದು ಫಾಸ್ಫೇಟ್ ಅಲ್ಲವೇ ಅಲ್ಲ.

ಆಮೇಲೆ ಇನ್ನೊಂದು. ನಿಮ್ಮ 5 ನಾರ್ಮಲ್ ಸಲ್ಫ್ಯೂರಿಕ್ ಆಮ್ಲ ಮಾಡಿದ್ದು ಹೇಗೆ? ಯಾರು ಮಾಡಿದ್ದು?

ಆಂಟಿಮನಿ ಬಗ್ಗೆ ಸುಧಾ ಅವರಿಗೆ: ಅದಿಲ್ಲದಿದ್ದರೆ ಆಸ್ಕಾರ್ಬಿಕ್ ಆಮ್ಲ ಬಹಳ ನಿಧಾನ, ಬಿಸಿ ಮಾಡಬೇಕಾಗುತ್ತೆ. ಆಂಟಿಮನಿ ಸೇರಿದರೆ ಕೋಣೆಯ ಉಷ್ಣತೆಯಲ್ಲೇ ಹತ್ತು ನಿಮಿಷಕ್ಕೆ ಬಣ್ಣ ಪೂರ್ತಿ ಬರುತ್ತೆ, ಬಂದದ್ದು ಗಂಟೆಗಟ್ಟಲೆ ಅಲ್ಲಾಡುವುದಿಲ್ಲ. 1962ರಲ್ಲಿ ಮರ್ಫಿ ಮತ್ತು ರೈಲಿ ಸಮುದ್ರದ ನೀರಿಗಾಗಿ ಕಂಡುಕೊಂಡಿದ್ದು ಇದನ್ನೇ. ಸುಬ್ಬರಾವ್ ಅವರ ವಿಧಾನ ರಕ್ತಕ್ಕೆ ಚೆನ್ನ. ಅಲ್ಲಿ ರಂಜಕ ಲೀಟರಿಗೆ ಹತ್ತಾರು ಮಿಲಿಗ್ರಾಂ ಇರುತ್ತೆ. ಕೆರೆಯಲ್ಲಿ ಅಷ್ಟಿದ್ದರೆ ಅದು ಕೆರೆ ಅಲ್ಲ, ಮೋರಿ.

ಸುಮ್ನೆ_ಓದುಗ:
ನಮ್ಮ ಏರಿಯಾ ಕೆರೆಗೆ ಸುಬ್ಬರಾವ್ ವಿಧಾನವೇ ಸರಿ ಅಂತಾಯ್ತು.

ಮಂಜಣ್ಣ_ಹಾವೇರಿ:
ಫಾಸ್ಫೇಟ್ ಅಂತ ಹೆಸರು ನೋಡಿ ಒಳಗೆ ಬಂದೆ. ನನ್ನದೂ ಇದೇ ತಂಟೆ. ಸಿಂಗಲ್ ಸೂಪರ್ ಫಾಸ್ಫೇಟ್ ಚೀಲ ತಂದೆ. ಚೀಲದ ಮೇಲೆ 16 ಅಂತ ಬರೆದಿದೆ. ಅಣ್ಣನ ಮಗ ಕಾಲೇಜಲ್ಲಿ ಈ ನೀಲಿ ಬಣ್ಣದ ಪರೀಕ್ಷೆ ಮಾಡಿ 7.1 ಪರ್ಸೆಂಟ್ ರಂಜಕ ಅಂತ ಬರೆದು ಕೊಟ್ಟ. ಅರ್ಧಕ್ಕಿಂತ ಕಡಿಮೆ! ಅಂಗಡಿಯವನ ಹತ್ತಿರ ಜಗಳಕ್ಕೆ ಹೊರಟಿದ್ದೇನೆ. ಈ ತಂಗಿಗೆ ಜಾಸ್ತಿ ತೋರಿಸುತ್ತೆ, ನನಗೆ ಕಡಿಮೆ ತೋರಿಸಿದೆ. ಪರೀಕ್ಷೆಯೇ ಸುಳ್ಳೋ, ಗೊಬ್ಬರವೇ ಸುಳ್ಳೋ?

ಬೀಕರ್_ಭಟ್ರು:
ಮಂಜಣ್ಣ, ಹೊರಟಿದ್ದರೆ ವಾಪಸ್ ಬನ್ನಿ! ಎರಡೂ ಸುಳ್ಳಲ್ಲ. ಚೀಲದ ಮೇಲಿನ 16 ರಂಜಕದ ಲೆಕ್ಕ ಅಲ್ಲ, `P2O5` ಲೆಕ್ಕ. ಹಳೇ ಕಾಲದ ರಸಾಯನದವರು ಎಲ್ಲವನ್ನೂ ಆಕ್ಸೈಡ್ ಮಾಡಿ ಬರೆಯುತ್ತಿದ್ದರು, ಗೊಬ್ಬರದ ವ್ಯಾಪಾರ ಇವತ್ತಿಗೂ ಅದನ್ನೇ ಹಿಡಿದುಕೊಂಡಿದೆ. ಚೀಲದೊಳಗೆ `P2O5` ಅನ್ನುವ ವಸ್ತು ಒಂದು ಚಮಚವೂ ಇಲ್ಲ. ಬರೀ ರಂಜಕವನ್ನು ಆ ಲೆಕ್ಕಕ್ಕೆ ತರಲು 2.29ರಿಂದ ಗುಣಿಸಬೇಕು. ನಿಮ್ಮ 7.1 ಅಂದರೆ 16.3. ಅಂಗಡಿಯವನು ಸರಿಯಾಗೇ ಕೊಟ್ಟಿದ್ದಾನೆ. ಡಿಎಪಿ ಚೀಲದ 46 ಕೂಡ ಹಾಗೇ, ರಂಜಕ ಅದರಲ್ಲಿ ನೂರಕ್ಕೆ ಇಪ್ಪತ್ತು.

ಆದರೂ ಅಣ್ಣನ ಮಗನಿಗೆ ಒಂದು ಮಾತು ಹೇಳಿ. ಒಂದು ಗ್ರಾಂ ಗೊಬ್ಬರ ಅರ್ಧ ಲೀಟರ್ ನೀರಿಗೆ ಹಾಕಿದರೆ ರಂಜಕ ಲೀಟರಿಗೆ 142 ಮಿಲಿಗ್ರಾಂ. ಈ ನೀಲಿಗೆ ಒಂದಕ್ಕಿಂತ ಮೇಲೆ ಆಗಿಬರುವುದಿಲ್ಲ. ಅಂದರೆ ಇನ್ನೂ 200 ಪಟ್ಟು ತೆಳು ಮಾಡಬೇಕು. 5 ಮಿ.ಲೀ. ಪಿಪೆಟ್ಟಿನ ತುದಿಯಲ್ಲಿ ಒಂದೇ ಒಂದು ಹನಿ ಹೆಚ್ಚು ಹೋದರೂ ನೂರಕ್ಕೆ ಒಂದು ತಪ್ಪು, ಚೀಲದ ಲೆಕ್ಕದಲ್ಲಿ 16 ಹೋಗಿ 16.2 ಆಗುತ್ತೆ. ಅದಕ್ಕೆ ಗೊಬ್ಬರಕ್ಕೆ ವೆನಡೇಟ್ ಸೇರಿಸಿದ ಹಳದಿ ಬಣ್ಣದ ವಿಧಾನ ವಾಸಿ. ಅದು ಇಷ್ಟು ಸೂಕ್ಷ್ಮ ಅಲ್ಲ, ಹಾಗಾಗಿ ಇಷ್ಟು ತೆಳು ಮಾಡುವ ಗೋಜಿಲ್ಲ. ಜಗಳ ಕೋರ್ಟಿಗೆ ಹೋಗುವಂಥದ್ದಾದರೆ ಕ್ವಿನೊಲಿನ್ ಹಾಕಿ ಗರಣೆ ಕಟ್ಟಿಸಿ ತೂಗುವುದೇ ಸರಿ.

ಮಂಜಣ್ಣ_ಹಾವೇರಿ:
ಬೈಕ್ ಕೀ ಕೈಯಲ್ಲೇ ಇತ್ತು ಸರ್. ಇಟ್ಟುಬಿಟ್ಟೆ. ಆದರೆ ಒಂದು ಅನುಮಾನ. ಹುಡುಗ ನೀರಲ್ಲಿ ಕಲಸಿ, ಮೇಲಿನ ತಿಳಿ ತೆಗೆದು ಪರೀಕ್ಷೆ ಮಾಡಿದನಂತೆ. ಕೆಳಗೆ ಉಳಿದ ಗಸಿಯಲ್ಲಿ ಏನೂ ಇಲ್ಲವೇ?

ಬೀಕರ್_ಭಟ್ರು:
ಇದೆ. ನೀರಲ್ಲಿ ಕರಗದ ರಂಜಕ ಸ್ವಲ್ಪ ಗಸಿಯಲ್ಲಿ ಉಳಿಯುತ್ತೆ, ಜಿಪ್ಸಂ ಜೊತೆಗೆ. ಅವನಿಗೆ ಸಿಕ್ಕಿದ್ದು ನೀರಲ್ಲಿ ಕರಗುವ ಪಾಲು. ಬೆಳೆಗೆ ಬೇಗ ಸಿಗುವುದು ಅದೇ.

ಕೆರೆಏರಿ:
ಭಟ್ ಸರ್, ನೀವು ಹೇಳಿದ ಹಾಗೆ ಮಾಡಿದೆ. 10 ನಿಮಿಷಕ್ಕೆ 0.14. 30ಕ್ಕೆ 0.19. ಒಂದು ಗಂಟೆಗೆ 0.27. ನಿಲ್ಲುತ್ತಲೇ ಇಲ್ಲ! ಕಣ್ಣಿಗೇ ಗೊತ್ತಾಗುತ್ತೆ. ಮೊದಲು ತಿಳಿನೀಲಿ ಇದ್ದದ್ದು ಗಂಟೆ ಹೊತ್ತಿಗೆ ಇಂಕ್ ಪೆನ್ ತೊಳೆದ ನೀರಿನ ಥರ.

ಆಮ್ಲ ನಾನು ಮಾಡಿದ್ದಲ್ಲ. ಕಪಾಟಿನಲ್ಲಿ ಒಂದು ಬಾಟಲಿ ಇತ್ತು. 5 ನಾರ್ಮಲ್ ಅಂದರೆ 2.5 ಮೋಲಾರ್ ಅಂತ ಗೊತ್ತಿತ್ತು. ಚೀಟಿಯಲ್ಲಿ "H2SO4 2.5" ಅಂತಿತ್ತು. ಮುಂದಿನ ಅಕ್ಷರ ಆಮ್ಲ ಸುರಿದು ಕಂದು ಬಣ್ಣಕ್ಕೆ ತಿರುಗಿ ಹೋಗಿದೆ. M ಇರಬೇಕು ಅಂದುಕೊಂಡೆ.

ಬೀಕರ್_ಭಟ್ರು:
N ಇರಬೇಕು. ಈಗಲೇ ನೋಡಿಬಿಡಿ. ಆ ಆಮ್ಲ 1 ಮಿ.ಲೀ. ತೆಗೆದುಕೊಂಡು, ನೀರು ಸೇರಿಸಿ, ಫಿನಾಲ್ಫ್ತಲೀನ್ ಹಾಕಿ 0.1 ನಾರ್ಮಲ್ ಕಾಸ್ಟಿಕ್ ಸೋಡಾದಿಂದ ಟೈಟ್ರೇಟ್ ಮಾಡಿ. 50 ಮಿ.ಲೀ. ಹಿಡಿದರೆ ನೀವು ಸರಿ, ನಾನು ತಪ್ಪು. 25 ಹಿಡಿದರೆ ಕಳ್ಳ ಸಿಕ್ಕ.

ಯಾಕೆ ಅಂತ ಹೇಳುತ್ತೇನೆ. ಈ ವಿಧಾನ ನಿಂತಿರುವುದೇ ಆಮ್ಲ ಮತ್ತು ಮಾಲಿಬ್ಡೇಟಿನ ನಡುವಿನ ಹದದ ಮೇಲೆ. ಆಸ್ಕಾರ್ಬಿಕ್ ಆಮ್ಲಕ್ಕೆ ಮಾಲಿಬ್ಡಿನಂ ಕಂಡರೆ ಸಾಕು, ಎಲೆಕ್ಟ್ರಾನ್ ಕೊಡಲು ತಯಾರು. ಆಮ್ಲ ಸಾಕಷ್ಟಿದ್ದರೆ ಬರೀ ಮಾಲಿಬ್ಡೇಟ್ ಅದಕ್ಕೆ ಬಗ್ಗುವುದಿಲ್ಲ. ಫಾಸ್ಫೇಟಿನ ಸುತ್ತ ಹನ್ನೆರಡು ಮಾಲಿಬ್ಡಿನಂ ಕೂಡಿಕೊಂಡ ಗುಂಪು ಮಾತ್ರ ಬಗ್ಗಿ ನೀಲಿ ಆಗುತ್ತೆ. ಆಮ್ಲ ಕಡಿಮೆ ಆದರೆ ಫಾಸ್ಫೇಟ್ ಇಲ್ಲದ ಮಾಲಿಬ್ಡೇಟೂ ನಿಧಾನವಾಗಿ ನೀಲಿ ಆಗತೊಡಗುತ್ತೆ. ಆಮ್ಲ ವಿಪರೀತ ಜಾಸ್ತಿ ಆದರೆ ಫಾಸ್ಫೇಟ್ ಇದ್ದರೂ ಬಣ್ಣ ಬರಲು ಒದ್ದಾಡುತ್ತೆ. ಲೆಕ್ಕದಲ್ಲಿ ಹೇಳುವುದಾದರೆ ಒಂದು ಮಾಲಿಬ್ಡಿನಂಗೆ 60ರಿಂದ 80 ಹೈಡ್ರೋಜನ್ ಅಯಾನು ಇರಬೇಕು. ಸರಿಯಾದ ರಿಯೇಜೆಂಟಿನಲ್ಲಿ ಸುಮಾರು 74 ಬರುತ್ತೆ. ಆಮ್ಲ ಅರ್ಧ ಆದರೆ 37.

ನಿಮ್ಮ 1.0 ಮತ್ತು 1.5ರ ಜಗಳವೂ ಇಲ್ಲೇ ಇದೆ. ಬ್ಲ್ಯಾಂಕ್ ಮೊದಲು ಓದಿದಿರಿ, ಕೆರೆ ನೀರು ಕೊನೆಗೆ ಓದಿದಿರಿ, ಅಲ್ವಾ? ನಡುವೆ ಇಪ್ಪತ್ತು ನಿಮಿಷ ಆಗಿದ್ದರೆ 0.05 ಸುಮ್ನೆ ಸೇರಿಕೊಂಡಿದೆ. ತೆಳು ಮಾಡಿದ ಸ್ಯಾಂಪಲಿನಲ್ಲಿ ಆ ಸುಳ್ಳು 0.05 ಕೂಡ ಐದರಿಂದ ಗುಣಿಸಿಕೊಂಡಿತು. ಅದಕ್ಕೇ ಬ್ಲ್ಯಾಂಕ್ ಕಳೆದರೆ ಸಾಕು ಅನ್ನುವುದು ಇಲ್ಲಿ ನಡೆಯುವುದಿಲ್ಲ. ನಿಂತ ಬ್ಲ್ಯಾಂಕನ್ನು ಕಳೆಯಬಹುದು, ಓಡುವ ಬ್ಲ್ಯಾಂಕನ್ನು ಎಲ್ಲಿ ಹಿಡಿದು ಕಳೆಯುತ್ತೀರಿ?

ಕಪ್ಪುಮಣ್ಣು:
ಧಾರವಾಡ ಕಡೆ ಮಣ್ಣು ಪರೀಕ್ಷೆ ಲ್ಯಾಬಲ್ಲಿ ಇದ್ದೇನೆ. ಭಟ್ರು ಹೇಳಿದ್ದು ಓದಿ ನಮ್ಮ ಹಳೇ ಗಾಯ ನೆನಪಾಯಿತು. ಎರೆಮಣ್ಣಿಗೆ ನಾವು ಓಲ್ಸೆನ್ ವಿಧಾನ ಬಳಸುತ್ತೇವೆ. ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಲ್ಲಿ ಮಣ್ಣನ್ನು ಅಲುಗಾಡಿಸಿ ರಂಜಕ ತೆಗೆಯುವುದು. ಪಿಎಚ್ 8.5. ಹೊಸದಾಗಿ ಸೇರಿದ ಹುಡುಗ ಆ ಸಾರಕ್ಕೆ ನೇರವಾಗಿ ರಿಯೇಜೆಂಟ್ ಸುರಿದ. ಬುಸ್ ಅಂತ ನೊರೆ ಬಂತು. ಬೈಕಾರ್ಬೊನೇಟ್ ರಿಯೇಜೆಂಟಿನ ಆಮ್ಲವನ್ನೇ ತಿಂದುಬಿಡ್ತು. ಅವತ್ತು ಮೂವತ್ತು ಫ್ಲಾಸ್ಕಿನಲ್ಲಿ ಇಪ್ಪತ್ತೆಂಟು ನೀಲಿ, ಬ್ಲ್ಯಾಂಕೂ ಸೇರಿ.

ಈಗ ಪ್ಯಾರಾ ನೈಟ್ರೋಫಿನಾಲ್ ಎರಡು ಹನಿ ಹಾಕುತ್ತೇವೆ. ಸಾರ ಹಳದಿ ಆಗುತ್ತೆ. ಹಳದಿ ಹೋಗುವ ತನಕ ಹನಿ ಹನಿಯಾಗಿ ಆಮ್ಲ ಬಿಟ್ಟು, ನೊರೆ ಪೂರ್ತಿ ಇಳಿಯಲು ಬಿಟ್ಟು, ಆಮೇಲೆ ರಿಯೇಜೆಂಟ್. ಗುಳ್ಳೆ ಉಳಿದರೆ ಕ್ಯುವೆಟ್ಟಿನ ಗೋಡೆಗೆ ಅಂಟಿಕೊಂಡು ರೀಡಿಂಗ್ ಕುಣಿಯುತ್ತೆ.

ಲ್ಯಾಬ್_ಸುಧಾ:
ಒಪ್ಪಿದೆ, ನನ್ನ ಸೋಪಿನ ಸಿದ್ಧಾಂತ ಇಲ್ಲಿ ಸೋತಿತು. ಆದರೂ ಒಂದು ಪ್ರಶ್ನೆ. ಆಮ್ಲ ಕಡಿಮೆ ಆದಾಗ ಸಿಲಿಕಾ ಕೂಡ ನೀಲಿ ಕೊಡುತ್ತೆ ಅಂತ ಎಲ್ಲೋ ಕಲಿತ ನೆನಪು. ನಮ್ಮ ಕಡೆ ನೀರಲ್ಲಿ ಸಿಲಿಕಾ ಏನು ಕಡಿಮೆಯೇ? ಎಲ್ಲಾ ಗ್ರಾನೈಟ್ ಬಂಡೆ. ಹಾಗಾದರೆ ಹೆಚ್ಚಿಗೆ ಬಂದಿದ್ದೆಲ್ಲ ಸಿಲಿಕಾ ಯಾಕಾಗಿರಬಾರದು?

ಬೀಕರ್_ಭಟ್ರು:
ಎಲ್ಲವೂ ಅದೇ ಆಗಲು ಸಾಧ್ಯವಿಲ್ಲ. ಬ್ಲ್ಯಾಂಕಿನಲ್ಲಿ ಡಿಸ್ಟಿಲ್ಡ್ ವಾಟರ್ ಬಿಟ್ಟು ಏನೂ ಇರಲಿಲ್ಲ, ಅದೂ ಏರಿತು. ಆದರೆ ಕೆರೆ ನೀರಿನ ರೀಡಿಂಗಿನಲ್ಲಿ ಸಿಲಿಕಾ ಒಂದು ಪಾಲು ಹಾಕಿರಬಹುದು, ಅದು ಸರಿ. ಆಮ್ಲ ಹದವಾಗಿದ್ದರೆ ಸಿಲಿಕಾದ ಗುಂಪು ಬಹಳ ನಿಧಾನವಾಗಿ ಕಟ್ಟಿಕೊಳ್ಳುತ್ತೆ. 30 ನಿಮಿಷದೊಳಗೆ ಓದಿ ಮುಗಿಸಿ ಅನ್ನುವುದಕ್ಕೆ ಅದೂ ಒಂದು ಕಾರಣ.

ಕೆರೆಏರಿ:
24.8 ಮಿ.ಲೀ.!!! ಎರಡನೇ ಸಲ 24.9. ನೀವು ಹೇಳಿದ್ದೇ ಸರಿ ಸರ್. 2.5 ನಾರ್ಮಲ್.

ಗಾಢ ಆಮ್ಲ 70 ಮಿ.ಲೀ. ಅಳೆದು, ಬಕೆಟ್ ತಣ್ಣೀರಲ್ಲಿ ಬೀಕರ್ ಇಟ್ಟು, ನೀರಿಗೆ ಆಮ್ಲವನ್ನು ನಿಧಾನವಾಗಿ ಹಾಕಿ, ತಣಿದ ಮೇಲೆ 500ಕ್ಕೆ ತಂದೆ. ಟೈಟ್ರೇಟ್ ಮಾಡಿ ನೋಡಿಯೇ ಬಳಸಿದ್ದು. ಆಮೇಲೆ 100 ಮಿ.ಲೀ. ರಿಯೇಜೆಂಟ್ ಕಲಸಿದೆ. ಆಮ್ಲ 50, ಆಂಟಿಮನಿ ಟಾರ್ಟ್ರೇಟ್ 5, ಮಾಲಿಬ್ಡೇಟ್ 15, ಆಸ್ಕಾರ್ಬಿಕ್ 30, ಇದೇ ಕ್ರಮದಲ್ಲಿ. ಆಸ್ಕಾರ್ಬಿಕ್ ಆಮ್ಲವನ್ನೂ ಹೊಸದಾಗಿ ಕರಗಿಸಿದೆ. ಹಳೇದು ಫ್ರಿಜ್ಜಿನಲ್ಲಿ ಮೂರು ವಾರದಿಂದ ಕೂತು ಹಳದಿ ಆಗಿತ್ತು.

ಈಗ ಬ್ಲ್ಯಾಂಕ್ 0.01. ಒಂದು ಗಂಟೆ ಬಿಟ್ಟರೂ 0.01! 0.4ರ ಸ್ಟ್ಯಾಂಡರ್ಡ್ 0.17, 0.8ರದ್ದು 0.33, 1.0ದ್ದು 0.41. ಕೆರೆ ನೀರು 0.37 ಕೊಡ್ತು, ಅಂದರೆ ಲೀಟರಿಗೆ 0.9 ಮಿಲಿಗ್ರಾಂ ರಂಜಕ. ಐದು ಪಟ್ಟು ತೆಳು ಮಾಡಿದ್ದು 0.08 ಬಂತು, ಲೆಕ್ಕ 0.88. ಎರಡೂ ಕೂಡಿಬಂತು. ಇದು ಮೊದಲಿನ ನೀರೇ ಅಲ್ಲ, ಇವತ್ತು ಬೆಳಿಗ್ಗೆ ಹೊಸದಾಗಿ ಅದೇ ತೂಬಿನ ಹತ್ತಿರ ತುಂಬಿಸಿ ತಂದದ್ದು.

ಬೀಕರ್_ಭಟ್ರು:
ಚೆನ್ನಾಗಿದೆ. ಬರೆಯುವಾಗ ರಂಜಕ ಅಂತಲೇ ಬರೆಯಿರಿ, ಇಲ್ಲವೇ 3.07ರಿಂದ ಗುಣಿಸಿ ಫಾಸ್ಫೇಟ್ 2.8 ಅಂತ ಬರೆಯಿರಿ. ಯಾವುದೆಂದು ಹೇಳದೆ ಬರೀ ಅಂಕಿ ಬಿಟ್ಟರೆ ಮಂಜಣ್ಣನ ಬೈಕ್ ಮತ್ತೆ ಹೊರಡುತ್ತೆ. ಕೆರೆ ನೀರಿಗೆ ಸ್ವಂತ ಬಣ್ಣ ಇದೆಯೇ? ಇದ್ದರೆ ಅದನ್ನೂ ಕಳೆಯಬೇಕು. ಅದೇ ನೀರಿಗೆ ಆಂಟಿಮನಿ ಮತ್ತು ಆಸ್ಕಾರ್ಬಿಕ್ ಬಿಟ್ಟು ಉಳಿದದ್ದು ಹಾಕಿ ಓದಿ.

ಕೆರೆಏರಿ:
ಹಾಗೆ ಓದಿದರೆ 0.02 ಇದೆ ಸರ್. ನೀರು ಸ್ವಲ್ಪ ಹಸಿರು. ಕಳೆದರೆ 0.9 ಹೋಗಿ 0.85ರ ಹತ್ತಿರ ಬರುತ್ತೆ. ತಿದ್ದುತ್ತೇನೆ.

ಕಪ್ಪುಮಣ್ಣು:
ಹಸಿರು ಅಂದರೆ ಪಾಚಿ. ಸೋಸಿದ್ದೀರಾ?

ಲ್ಯಾಬ್_ಸುಧಾ:
ಆರ್ಸೆನಿಕ್ ಮರೆಯಬೇಡಿ. ಅದೂ ಇದೇ ನೀಲಿ ಕೊಡುತ್ತೆ. ರಾಯಚೂರು, ಯಾದಗಿರಿ ಕಡೆ ಕೆಲವು ಬೋರ್‌ವೆಲ್ ನೀರಲ್ಲಿ ಇದೆ.

ಬೀಕರ್_ಭಟ್ರು:
ಕೊಡುತ್ತೆ, ಆರ್ಸೆನೇಟ್ ರೂಪದಲ್ಲಿದ್ದರೆ. ಲೀಟರಿಗೆ 0.1 ಮಿಲಿಗ್ರಾಂ ಇದ್ದರೂ ಸಾಕು. ಆ ಬೋರ್‌ವೆಲ್ ನೀರಿಗೆ ಥಯೋಸಲ್ಫೇಟ್ ಹಾಕಿ ಆರ್ಸೆನೈಟ್ ಮಾಡಿಕೊಂಡೇ ಮುಂದೆ ಹೋಗಬೇಕು. ಈ ಕೆರೆಗೆ 0.9ರ ಮುಂದೆ ಅದರ ಚಿಂತೆ ನಾನಂತೂ ಮಾಡುವುದಿಲ್ಲ.

ಲ್ಯಾಬ್_ಸುಧಾ:
ಪರೀಕ್ಷೆ ಮಾಡದೆ ಇಲ್ಲ ಅನ್ನುವುದು ಹೇಗೆ? ನಾನಾದರೆ ಒಂದು ಸಲ ಥಯೋಸಲ್ಫೇಟ್ ಹಾಕಿ ನೋಡುತ್ತಿದ್ದೆ.

ಬೀಕರ್_ಭಟ್ರು:
ನೋಡಲಿ, ಬೇಡ ಅನ್ನಲ್ಲ.

ಕೆರೆಏರಿ:
ಸೋಸಿಲ್ಲ ಅಣ್ಣ. ಅದೇ ಈಗ ಹೊಸ ತಲೆನೋವು. ಆ ಬಾಟಲಿಯಲ್ಲಿ ಮಿಕ್ಕ ನೀರನ್ನು ಕಿಟಕಿ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೆ. ಮಾರನೇ ದಿನ ಸುಮ್ನೆ ಕುತೂಹಲಕ್ಕೆ ಮತ್ತೆ ಓದಿದರೆ ರಂಜಕ ಲೀಟರಿಗೆ 0.62 ಮಿ.ಗ್ರಾಂ. ಬ್ಲ್ಯಾಂಕ್, ಸ್ಟ್ಯಾಂಡರ್ಡ್ ಎಲ್ಲ ಹಿಂದಿನ ದಿನದ ಹಾಗೇ ಇವೆ. ರಂಜಕ ಎಲ್ಲಿ ಹೋಯ್ತು?

ಕಪ್ಪುಮಣ್ಣು:
ಪಾಚಿ ತಿಂದಿದೆ. ಬಿಸಿಲೂ ಸಿಕ್ಕಿತು, ಊಟವೂ ಸಿಕ್ಕಿತು. ಸ್ವಲ್ಪ ಬಾಟಲಿಯ ಗೋಡೆಗೂ ಅಂಟಿರಬಹುದು.

ಬೀಕರ್_ಭಟ್ರು:
ಹಾಗಾದರೆ ಬೆಳಿಗ್ಗೆ ತುಂಬಿಸಿ ನೀವು ಓದುವ ತನಕ ಎಷ್ಟು ಹೊತ್ತಾಗಿತ್ತು?

ಕೆರೆಏರಿ:
ಏಳಕ್ಕೆ ತುಂಬಿಸಿದ್ದು. ಬಸ್ಸು, ಕ್ಲಾಸು ಎಲ್ಲ ಮುಗಿಸಿ ಓದುವಾಗ ಮೂರೂವರೆ.

ಬೀಕರ್_ಭಟ್ರು:
ಎಂಟೂವರೆ ಗಂಟೆ. ಹಾಗಾದರೆ ಏಳು ಗಂಟೆಗೆ ಕೆರೆಯಲ್ಲಿ ಇದ್ದದ್ದು 0.85ಕ್ಕಿಂತ ಜಾಸ್ತಿಯೇ ಇರಬೇಕು. ಎಷ್ಟು ಅಂತ ಇಲ್ಲಿ ಕೂತು ಯಾರೂ ಹೇಳಲಾರೆವು. ಮುಂದಿನ ಸಲ ಕೆರೆ ದಂಡೆಯಲ್ಲೇ ಸಿರಿಂಜಿಗೆ 0.45 ಮೈಕ್ರಾನ್ ಫಿಲ್ಟರ್ ಹಾಕಿ ಸೋಸಿ, ಆಮ್ಲದಲ್ಲಿ ತೊಳೆದ ಬಾಟಲಿಗೆ ತುಂಬಿ, ಐಸ್ ಡಬ್ಬಿಯಲ್ಲಿ ಕತ್ತಲಲ್ಲಿ ತನ್ನಿ. ಅವತ್ತೇ ಓದಿ. ಆಗದಿದ್ದರೆ ಫ್ರೀಜರಿನಲ್ಲಿಡಿ.

ಕೆರೆಏರಿ:
ಭಾನುವಾರ ಹೋಗುತ್ತೇನೆ. ಒಂದು ಅನುಮಾನ. ಈ ಹಸಿರು ನೀರು ಹತ್ತು ಮಿ.ಲೀ. ಹೋಗುವಷ್ಟರಲ್ಲಿ ಸಿರಿಂಜ್ ಫಿಲ್ಟರ್ ಕಟ್ಟಿಕೊಳ್ಳುತ್ತೆ. 50 ಮಿ.ಲೀ. ಬೇಕಲ್ಲ. ಜೋರಾಗಿ ಒತ್ತಿದರೆ?

ಬೀಕರ್_ಭಟ್ರು:
ಒತ್ತಬೇಡಿ, ಪಾಚಿ ಒಡೆದರೆ ಅದರೊಳಗಿನ ಫಾಸ್ಫೇಟ್ ನಿಮ್ಮ ಸ್ಯಾಂಪಲಿಗೇ ಬರುತ್ತೆ. ಮೊದಲು ಗ್ಲಾಸ್ ಫೈಬರ್ ಫಿಲ್ಟರಿನಲ್ಲಿ ಒಮ್ಮೆ ಇಳಿಸಿ. ಇಲ್ಲವೇ 10 ಮಿ.ಲೀ. ಸ್ಯಾಂಪಲಿಗೆ 1.6 ಮಿ.ಲೀ. ರಿಯೇಜೆಂಟ್ ಹಾಕಿ, ಸ್ಟ್ಯಾಂಡರ್ಡುಗಳನ್ನೂ ಅದೇ ಅಳತೆಯಲ್ಲಿ ಮಾಡಿ. ಪ್ರಮಾಣ ಅದೇ, ಆಮ್ಲದ ಹದವೂ ಅದೇ.

ಮಂಜಣ್ಣ_ಹಾವೇರಿ:
ತಂಗಿ, ಭಾನುವಾರ ಆ ಕೆರೆ ಪಕ್ಕದ ಹೊಲದವರು ಡಿಎಪಿ ಯಾವಾಗ ಹಾಕಿದರು ಅಂತಲೂ ಕೇಳಿ ಬಾ.